ಸೋಮವಾರ ಬಾರದೆ ಶನಿವಾರ ಬಂದ ಮೆಸೇಜು

ಅವ್ವ ಧಾರವಾಡದಲ್ಲಿ, ನಾನು ಪುಣೆಯ ಕೊಥ್ರೂಡ್‌ನಲ್ಲಿ. ಅವಳು ಐದಕ್ಕೆ ಏಳುತ್ತಾಳೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಆದರೆ ಮರೆತು ಚಹಾ ಕುಡಿದುಬಿಡುತ್ತಾಳೆ. ಹಾಗಾಗಿ 5:10ಕ್ಕೆ ಒಂದು ಮೆಸೇಜು ಹೋಗಬೇಕಿತ್ತು. ಶನಿವಾರ, ಭಾನುವಾರ ನಾನೇ ಫೋನ್ ಮಾಡುತ್ತೇನೆ. "ಅಲಾರಂ ಇಟ್ಟು ಕೈಯಾರೆ ಕಳಿಸು, ಇದಕ್ಕೆಲ್ಲ ಕ್ರಾನ್ ಯಾಕೆ?" ಎಂದು ರೂಮ್‌ಮೇಟ್ ನಕ್ಕ. ಕ್ರಾನ್ ಅಂದರೆ ಹೇಳಿದ ಹೊತ್ತಿಗೆ ಆಜ್ಞೆಯನ್ನು ತಾನಾಗಿ ಓಡಿಸುವ ಪ್ರೋಗ್ರಾಂ.

ಮೊದಲು ಎಸ್ಸೆಮ್ಮೆಸ್ ಪ್ಯಾಕ್ ಕೊಂಡು ಸುಮಾರು ನಾನೂರು ರೂಪಾಯಿ ಕಳೆದೆ. ಅಲ್ಲಿ ಬರಹದ ಮಾದರಿಯನ್ನು ಮೊದಲೇ ನೋಂದಾಯಿಸಬೇಕು. ದಿನಾ ಬೇರೆ ಮಾತು ಬರೆಯೋಕೆ ಆಗಲ್ಲ. ಆಮೇಲೆ ಟೆಲಿಗ್ರಾಂ ಬಾಟ್ ಮಾಡಿ ನನ್ನ ಹೆಸರು, ಫೋಟೋ ಹಾಕಿದೆ. ಅವ್ವನ ಫೋನಿನಲ್ಲಿ ಒಮ್ಮೆ ಸ್ಟಾರ್ಟ್ ಒತ್ತಲೇಬೇಕು, ಇಲ್ಲದಿದ್ದರೆ ಬಾಟ್ ತಾನಾಗಿ ಮಾತಾಡಿಸುವಂತಿಲ್ಲ. ಲ್ಯಾಪ್‌ಟಾಪ್ ರಾತ್ರಿ ಮಲಗಿಬಿಡುತ್ತಿತ್ತು. ತಪ್ಪಿದ ಸಮಯವನ್ನು ಕ್ರಾನ್ ಆಮೇಲೆ ತುಂಬಿಕೊಡುವುದಿಲ್ಲ. ತಿಂಗಳಿಗೆ ಮುನ್ನೂರೈವತ್ತರ ಹತ್ತಿರ ಕೊಟ್ಟು ಸರ್ವರ್ ಹಿಡಿದೆ.

ಎರಡೆರಡು ನಿಮಿಷಕ್ಕೆ ಓಡಿಸಿ ಪರೀಕ್ಷೆ ಮಾಡಿದೆ, ಪಕ್ಕಾ ಬಂತು. ಮೋಸ ಆಗಿದ್ದೇ ಅಲ್ಲಿ. `*/2` ಎಂದು ಬರೆದರೆ ಗಂಟೆ ಯಾವುದಿದ್ದರೂ ಓಡುತ್ತದೆ, ಟೈಮ್‌ಝೋನ್ ತಪ್ಪು ಕಾಣುವುದೇ ಇಲ್ಲ. ಸರ್ವರ್ ಯುಟಿಸಿಯಲ್ಲಿತ್ತು, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಅಷ್ಟು ಕಳೆದು, ಮೊದಲು ನಿಮಿಷ, ಆಮೇಲೆ ಗಂಟೆ, ಕೊನೆಗೆ ಸೋಮವಾರದಿಂದ ಶುಕ್ರವಾರಕ್ಕೆ `1-5` ಎಂದು ಹೀಗೆ ಬರೆದೆ:

```
40 23 * * 1-5 /home/me/avva.sh
```

ಸೋಮವಾರ ಮೆಸೇಜು ಬರಲಿಲ್ಲ. ಮಂಗಳವಾರದಿಂದ ಸರಿಯಾಗಿ ಬಂತು. ಶನಿವಾರವೂ ಬಂತು! ರೂಮ್‌ಮೇಟ್‌ಗೆ ಹಬ್ಬ. ತಲೆ ಕೆರೆದುಕೊಂಡು ನೋಡಿದರೆ, ನಮ್ಮ ಸೋಮವಾರ ಬೆಳಗಿನ 5:10 ಆ ಸರ್ವರ್‌ಗೆ ಇನ್ನೂ ಭಾನುವಾರ ರಾತ್ರಿ 23:40. ಗಂಟೆ ಹಿಂದೆ ಸರಿದಾಗ ವಾರವೂ ಒಂದು ದಿನ ಹಿಂದೆ ಸರಿಯಬೇಕು. ಭಾನುವಾರದಿಂದ ಗುರುವಾರ, ಅಂದರೆ:

```
40 23 * * 0-4 /home/me/avva.sh >> /home/me/avva.log 2>&1
```

5:30 ಆದಮೇಲಿನ ಮೆಸೇಜಾದರೆ ಈ ತಾಪತ್ರಯ ಇಲ್ಲ, `1-5` ಸಾಕು. ಟೈಮ್‌ಝೋನ್ ಹೇಳೋಕೆ `CRON_TZ` ಹಾಕು ಅಂದವರಿದ್ದರು. ನನ್ನದು ಡೆಬಿಯನ್ ಲಿನಕ್ಸ್, ಅದರ ಕ್ರಾನ್ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ.

ಇನ್ನೊಂದು ಪೆಟ್ಟು. ತಾರೀಖು ಸೇರಿಸೋಣ ಎಂದು `date +%d` ಅನ್ನು ಕ್ರಾನ್‌ಟ್ಯಾಬಿನ ಸಾಲಿನಲ್ಲೇ ಹಾಕಿದ್ದೆ. ಅಲ್ಲಿ `%` ಬಂದರೆ ಆಜ್ಞೆ ಅಲ್ಲಿಗೇ ಕತ್ತರಿಸಿಹೋಗುತ್ತದೆ. `\%` ಎಂದು ಬರೆಯಬೇಕು. ನಾನು ಎಲ್ಲವನ್ನೂ ಸ್ಕ್ರಿಪ್ಟಿನೊಳಗೆ ತಳ್ಳಿ ಕೈತೊಳೆದುಕೊಂಡೆ.

ದಿನಾ ಕರಾರುವಾಕ್ಕಾಗಿ 5:10ಕ್ಕೇ ಬಂದರೆ ಯಂತ್ರ ಅನ್ನಿಸುತ್ತೆ ಅಲ್ವಾ? ಸುಮ್ನೆ ಒಂದು ಪ್ರಯೋಗ ಮಾಡಿದೆ. ಕಳಿಸುವ ಮೊದಲು `sleep $(shuf -i 0-240 -n 1)`, ಅಂದರೆ ನಾಲ್ಕು ನಿಮಿಷದೊಳಗೆ ಎಷ್ಟಾದರೂ ತಡ. ಮಾತುಗಳು ಮರುಕಳಿಸದಂತೆ ಹೇಗೆ ಆರಿಸುತ್ತೇನೆ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ.

ಮೂರು ತಿಂಗಳು ಒಂದು ದಿನವೂ ತಪ್ಪಲಿಲ್ಲ. ರೂಮ್‌ಮೇಟ್ ತನ್ನ ಅಮ್ಮನಿಗೂ ಮಾಡಿಸಿಕೊಂಡ. ದೀಪಾವಳಿಗೆ ಊರಿಗೆ ಹೋದೆ. ಬೆಳಗ್ಗೆ ಅವ್ವನ ಫೋನ್ ಟಣ್ ಎಂದಿತು. ಅವಳು ಬಂದು ಹೊದಿಕೆ ಎಳೆದಳು. "ನೀ ಇಲ್ಲೇ ಗೊರಕಿ ಹೊಡ್ಯಾಕತ್ತಿ, ಮತ್ತ ಈ ಮೆಸೇಜ್ ಯಾರು ಹಾಕ್ಯಾರ?"

ಈಗ ಸ್ಕ್ರಿಪ್ಟಿನ ಮೊದಲ ಕೆಲಸ ಇದು. ಊರಿಗೆ ಹೊರಡುವಾಗ `raja` ಹೆಸರಿನ ಖಾಲಿ ಫೈಲೊಂದನ್ನು ಸರ್ವರ್‌ನಲ್ಲಿ ಇಟ್ಟು ಬಸ್ ಹತ್ತುತ್ತೇನೆ:

```
[ -e /home/me/raja ] && exit 0
```