ಠಾಣೆಯಲ್ಲಿ ಇಳಿಯುವಾಗ ಮೊದಲು ಮಕ್ಕಳು, ಆಮೇಲೆ ಬ್ಯಾಗು

ರಜೆ ಮುಗಿಸಿ ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತಿ ಮುಂಬೈಗೆ ವಾಪಸ್ ಬರುವ ನಮ್ಮಂಥ ಡೊಂಬಿವಿಲಿಯವರು ಇಳಿಯುವುದು ಠಾಣೆಯಲ್ಲಿ. ಅಲ್ಲಿಂದ ಕಲ್ಯಾಣ್ ಕಡೆಯ ಲೋಕಲ್ ಹಿಡಿದರೆ ಮನೆ. ಆದರೆ ರೈಲು ಬರುವುದು ಬೆಳಗಿನ ಜಾವ, ನಿಲ್ಲುವುದು ಒಂದೆರಡು ನಿಮಿಷ. ಮಕ್ಕಳು ಗಾಢ ನಿದ್ದೆಯಲ್ಲಿರುತ್ತಾರೆ.

ತಯಾರಿ ಶುರುವಾಗುವುದು ರಾತ್ರಿ ಮಲಗುವ ಮೊದಲೇ. ಊರಿಂದ ಹೊರಡುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿ ಅಂತ ಏಳೆಂಟು ಚೀಲ ಆಗಿರುತ್ತದೆ. ಸಣ್ಣ ಕೈಚೀಲಗಳನ್ನೆಲ್ಲ ಒಂದು ದೊಡ್ಡ ಬ್ಯಾಗಿಗೆ ತುಂಬಿಬಿಡಿ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಇದ್ದರೆ ನಾಲ್ಕು ಬ್ಯಾಗಿಗಿಂತ ಜಾಸ್ತಿ ಬೇಡ. ಸೀಟಿನ ಕೆಳಗೆ ಬ್ಯಾಗಿಗೆ ಚೈನು ಹಾಕಿದ್ದರೆ ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ. ಮಕ್ಕಳ ಚಪ್ಪಲಿ, ಶೂಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತಲೆದೆಸೆಯಲ್ಲಿ ಇಟ್ಟುಕೊಳ್ಳಿ. ನೆಲದಲ್ಲಿ ಬಿಟ್ಟರೆ ಓಡಾಡುವವರ ಕಾಲು ತಾಗಿ ಒಂದು ಶೂ ಪಕ್ಕದ ಸೀಟಿನಡಿ ಸೇರಿರುತ್ತದೆ. ಕತ್ತಲಲ್ಲಿ ಅದನ್ನು ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ.

ಅಲಾರಾಂ ಇಡುವ ಮೊದಲು ಆ ದಿನದ ವೇಳೆ ನೋಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ. ಗಡಿಯಾರಕ್ಕಿಂತ ಸ್ಟೇಷನ್ ನಂಬುವುದು ಒಳ್ಳೆಯದು. ಪನ್ವೇಲ್ ಬಂತು ಅಂದರೆ ಠಾಣೆಗೆ ಸುಮಾರು ಮುಕ್ಕಾಲು ಗಂಟೆ ಇದೆ. ಮಕ್ಕಳನ್ನು ಎಬ್ಬಿಸಬೇಕಾದ್ದು ಆಗಲೇ. ಐದು ನಿಮಿಷ ಇರುವಾಗ ಎಬ್ಬಿಸಿದ ಮಗು ನಡೆಯುವುದಿಲ್ಲ, ಅಳುತ್ತದೆ, ಕೂತಲ್ಲೇ ಕೂರುತ್ತದೆ. ಮೇಲಿನ ಬರ್ತಿನಲ್ಲಿದ್ದವರನ್ನು ಮೊದಲು ಕೆಳಗಿಳಿಸಿ. ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ, ಮುಖ ತೊಳೆಸಿ, ಶೂ ಹಾಕಿಸಿ. ಆಮೇಲೆ ಬೇಕಾದರೆ ಶೂ ಸಮೇತ ತೊಡೆಯ ಮೇಲೆ ತೂಕಡಿಸಲಿ.

ದಿವಾ ದಾಟಿದ ಕೂಡಲೇ ಬಾಗಿಲ ಹತ್ತಿರ ಹೋಗಿ. ಯಾವ ಬಾಗಿಲು ಅಂತ ಮೊದಲೇ ನಿರ್ಧರಿಸಿರಿ: ಸೀಟ್ ನಂಬರ್ 17 ಆದರೆ 1ರ ಕಡೆಯದು, 60ರ ಮೇಲಾದರೆ ಆಚೆ ತುದಿಯದು. ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಅಂತ ದಿನಾ ಓಡಾಡುವವರನ್ನು ಕೇಳಿ. ಆದರೂ ಎರಡೂ ಬಾಗಿಲಿಗೆ ಅಡ್ಡವಾಗದಂತೆ ಬ್ಯಾಗುಗಳನ್ನು ಗೋಡೆಗೆ ಒತ್ತಿ ಇಡಿ. ಮಕ್ಕಳು ಬಾಗಿಲಿಂದ ದೂರ, ಒಳಗಿನ ದಾರಿಯಲ್ಲಿ ಒಬ್ಬರ ಕೈ ಹಿಡಿದು ನಿಲ್ಲಲಿ. ಇನ್ನೊಬ್ಬರು ಸೀಟಿಗೆ ಒಮ್ಮೆ ವಾಪಸ್ ಹೋಗಿ ಮೊಬೈಲ್ ಟಾರ್ಚ್ ಹಾಕಿ ಬರ್ತು, ಕೆಳಗೆ, ಚಾರ್ಜರ್ ನೋಡಿಕೊಂಡು ಬರಲಿ. ಕಳವಾ ದಾಟಿ ಖಾಡಿಯ ಸೇತುವೆ ಮೇಲೆ ರೈಲಿನ ಸದ್ದು ಬದಲಾದರೆ ಠಾಣೆ ಬಂದೇ ಬಿಟ್ಟಿತು.

ಇನ್ನು ಇಳಿಯುವ ಕ್ರಮ. ಹೆಚ್ಚಿನವರು ತಪ್ಪುವುದು ಇಲ್ಲೇ. ನಾವೂ ತಪ್ಪಿದ್ದೆವು. ಒಮ್ಮೆ ನಾನು ಮೊದಲು ಇಳಿದು ಬ್ಯಾಗುಗಳನ್ನು ಒಂದೊಂದಾಗಿ ತೆಗೆದುಕೊಂಡೆ. ನಾಲ್ಕನೆಯದು ಕೈಗೆ ಬರುವಾಗ ರೈಲು ಹೊರಟಿತು. ಹೆಂಡತಿ ಮಗಳನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ರೀ, ಇಳೀಲಾ?" ಅಂದಳು. "ಬೇಡ, ಒಳಗೇ ಇರು" ಅಂತ ಕೂಗಿದೆ. ಪ್ಲಾಟ್‌ಫಾರ್ಮಿನಲ್ಲಿ ಅಕ್ಕಿ, ತೆಂಗಿನಕಾಯಿ ಎಲ್ಲ ಇತ್ತು, ಮಗಳು ಮಾತ್ರ ಇರಲಿಲ್ಲ.

ಅಂದಿನಿಂದ ನಮ್ಮ ಕ್ರಮ ಹೀಗೆ. ರೈಲು ಪೂರ್ತಿ ನಿಂತ ಮೇಲೆ ಒಬ್ಬ ದೊಡ್ಡವರು ಬರಿಗೈಯಲ್ಲಿ ಇಳಿಯಬೇಕು. ತಕ್ಷಣ ಬಾಗಿಲ ಕಡೆ ತಿರುಗಿ ಮಕ್ಕಳನ್ನು ಎತ್ತಿ ಇಳಿಸಿಕೊಳ್ಳಬೇಕು. ಬೋಗಿಗೂ ಪ್ಲಾಟ್‌ಫಾರ್ಮಿಗೂ ಸಂದು ಇರುತ್ತದೆ, ನಿದ್ದೆಗಣ್ಣಿನ ಮಗುವಿಗೆ ಅದು ಕಾಣುವುದಿಲ್ಲ. ಮಕ್ಕಳು ಬೆನ್ನಿಗೆ ಒತ್ತಿ ನಿಂತ ಮೇಲೆ ಬ್ಯಾಗುಗಳು, ಭಾರದ್ದು ಮೊದಲು. ಕೊನೆಗೆ ಒಳಗಿರುವ ದೊಡ್ಡವರು. ಅಷ್ಟರೊಳಗೆ ರೈಲು ಅಲುಗಿದರೆ ಒಳಗಿರುವವರು ಇಳಿಯಲೇಬಾರದು, ಬ್ಯಾಗ್ ಎಸೆಯಲೂಬಾರದು. ಹೀಗೆ ಮಾಡಿದರೆ ರೈಲಿನಲ್ಲಿ ಉಳಿಯುವುದು ಒಬ್ಬ ದೊಡ್ಡವರು, ಒಂದೆರಡು ಬ್ಯಾಗು ಅಷ್ಟೇ. ಅವರ ಹತ್ತಿರ ಫೋನ್, ಸ್ವಲ್ಪ ದುಡ್ಡು ಇರಲಿ. ಟಿಕೆಟ್ ಇರುವ ಫೋನ್ ಒಬ್ಬರದೇ ಆದರೆ ಅದರ ಫೋಟೊವನ್ನು ಇನ್ನೊಬ್ಬರಿಗೂ ಕಳಿಸಿಡಿ.

ಒಬ್ಬರೇ ಇಬ್ಬರು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರೆ ಪನ್ವೇಲ್‌ನಲ್ಲೇ ಪಕ್ಕದ ಸೀಟಿನವರಿಗೆ ಹೇಳಿಡಿ: "ನಾನು ಮಕ್ಕಳ ಜೊತೆ ಇಳಿತೀನಿ, ನೀವು ಬ್ಯಾಗ್ ಕೊಡ್ತೀರಾ?" ಯಾರೂ ಇಲ್ಲ ಅನ್ನುವುದಿಲ್ಲ. ಸಣ್ಣದನ್ನು ಕಂಕುಳಲ್ಲಿ ಎತ್ತಿಕೊಳ್ಳಿ, ಒಂದು ಬೆನ್ನುಚೀಲ ಮಾತ್ರ ನಿಮ್ಮದು.

ಇಳಿಯಲು ಆಗದೇ ಹೋದರೆ ಮತ್ಸ್ಯಗಂಧದ ಕೊನೆಯ ಸ್ಟೇಷನ್ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್, ಠಾಣೆಯಿಂದ ಹೆಚ್ಚು ದೂರವಿಲ್ಲ. ಟಿಟಿಇ ಸಿಕ್ಕಿದರೆ ಅವರು ಕೇಳುವ ಮೊದಲೇ ಇಳಿಯಲು ಆಗಲಿಲ್ಲ ಅಂತ ನೀವೇ ಹೇಳಿ. ಅಲ್ಲಿಂದ ಕುರ್ಲಾ ಸ್ಟೇಷನ್ನಿಗೆ ರಿಕ್ಷಾದಲ್ಲಿ ಬಂದು ಕಲ್ಯಾಣ್ ಕಡೆಯ ಲೋಕಲ್ ಹತ್ತಿದರಾಯಿತು. ನನ್ನ ಹೆಂಡತಿ, ಮಗಳು ಆ ದಿನ ಹಾಗೇ ಬಂದರು. ನಾನು ಠಾಣೆಯಲ್ಲೇ ಬ್ಯಾಗುಗಳ ಜೊತೆ ಕೂತು ಕಾದೆ.