ನೇಟಾಲ್‌ಗೆ ಹೋದ ಮುತ್ತಜ್ಜನ ಹಡಗು ಸಿಕ್ಕಿದ್ದು ಹೀಗೆ

ಮದ್ರಾಸಿನಿಂದ ಕರಾರು ಕೂಲಿಯಾಗಿ ದಕ್ಷಿಣ ಆಫ್ರಿಕಾದ ನೇಟಾಲ್‌ಗೆ ಹೋದ ಮುತ್ತಜ್ಜನ ಹೆಸರು ಹಡಗಿನ ಪಟ್ಟಿಗಳಲ್ಲಿ ಸಿಗಲೇ ಇಲ್ಲ. ಇಂಗ್ಲಿಷ್ ಕಾಗುಣಿತ ಬದಲಿಸಿ ನೋಡಿದೆ, ಊರಿನ ಹೆಸರು ಹಾಕಿ ನೋಡಿದೆ, ಆಗಲಿಲ್ಲ. ಗುಮಾಸ್ತರು ಕಿವಿಗೆ ಬಿದ್ದಂತೆ ಗೀಚಿಕೊಂಡ ಹೆಸರುಗಳವು.

ಕೈಹಿಡಿದದ್ದು ವಲಸೆ ಸಂಖ್ಯೆ. 1860ರಿಂದ 1911ರವರೆಗೆ ಬಂದ ಕರಾರು ಕೂಲಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದರು. ಅದು ಮುಂದಿನ ಕಾಗದಪತ್ರಗಳಲ್ಲೂ ಬರುತ್ತದೆ. ಹಾಗಾಗಿ ಮೊದಲು ಅವರ ಮದುವೆಯ ದಾಖಲೆ ತರಿಸಿ ಸಂಖ್ಯೆ ಹಿಡಿದೆ, ಆಮೇಲೆ ಆ ಸಂಖ್ಯೆ ಬರುವ ಹಡಗಿನ ಪಟ್ಟಿ ತೆಗೆಸಿದೆ. ಸಾಲಿನಲ್ಲಿದ್ದ ತಂದೆಯ ಹೆಸರು, ವಯಸ್ಸು, ಜಿಲ್ಲೆ ಮೂರೂ ಹೊಂದಿದ ಮೇಲಷ್ಟೇ ಒಪ್ಪಿದೆ. ಹೊರಟ ದಿನ ಬೇರೆ, ಡರ್ಬನ್ ತಲುಪಿದ ದಿನ ಬೇರೆ, ಎರಡನೆಯದನ್ನೇ ಬರೆದುಕೊಳ್ಳಿ. ಮೊದಲ ಕೆಲಸ ಮಾಲೀಕರ ಕಾಲಂನಲ್ಲಿತ್ತು: ಕಬ್ಬಿನ ತೋಟ.

ಸ್ವಂತ ದುಡ್ಡಿನಲ್ಲಿ ಟಿಕೆಟ್ ಕೊಂಡು ಹೋದ ವರ್ತಕರಿಗೆ ಈ ಸಂಖ್ಯೆ ಇರುವುದಿಲ್ಲ.