ವ್ಯೂಸ್ ಕುಸಿದದ್ದು ಕಂಪ್ಯೂಟರ್‌ನಲ್ಲಿ ಮಾತ್ರ

ನನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಎಕ್ಸೆಲ್, ಟ್ಯಾಲಿ, ನುಡಿ ಟೈಪಿಂಗ್ ಪಾಠಗಳಿವೆ. 2025ರ ಆಗಸ್ಟ್ ಮಧ್ಯದಲ್ಲಿ ದಿನಕ್ಕೆ 4,000ದ ಆಸುಪಾಸಿನಲ್ಲಿದ್ದ ವ್ಯೂಸ್ ಇದ್ದಕ್ಕಿದ್ದಂತೆ 3,000ಕ್ಕೆ ಇಳಿಯಿತು.

ಮೊದಲು ಬಂದ ಅನುಮಾನ ರಜೆಯದ್ದು. ಆ ವರ್ಷ ಸ್ವಾತಂತ್ರ್ಯ ದಿನ ಶುಕ್ರವಾರ ಬಂದಿತ್ತು. ನನ್ನ ವಿಡಿಯೋ ನೋಡುವವರಲ್ಲಿ ಆಫೀಸಿನಲ್ಲಿ ಕೆಲಸದ ಮಧ್ಯೆ ನೋಡುವವರೇ ಜಾಸ್ತಿ, ಹಾಗಾಗಿ ರಜೆ ಬಂದರೆ ಇಳಿಯುವುದು ಮಾಮೂಲು. ಆದರೆ ರಜೆ ಮುಗಿದ ಮೇಲೆ ಮಂಗಳವಾರ, ಬುಧವಾರವೂ ಸಂಖ್ಯೆ ಏಳಲಿಲ್ಲ. ಚಾನೆಲ್‌ನ ಅಂಕಿಅಂಶ ತೋರಿಸುವ ಯೂಟ್ಯೂಬ್ ಸ್ಟುಡಿಯೋದ `Advanced mode`ನಲ್ಲಿ ಹಿಂದಿನ ವರ್ಷದ ಇದೇ ವಾರಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ರಜೆಯ ಇಳಿತ ಇತ್ತು, ಅದರ ಹಿಂದೆಯೇ ಏರಿಕೆಯೂ ಇತ್ತು. ಗೂಗಲ್ ಟ್ರೆಂಡ್ಸ್‌ನಲ್ಲಿ `YouTube Search` ಆಯ್ದು ನೋಡಿದರೆ ಎಕ್ಸೆಲ್ ಹುಡುಕುವವರೇನೂ ಕಡಿಮೆಯಾಗಿರಲಿಲ್ಲ. ಅಲ್ಲಿಗೆ ಸೀಸನ್ ಕಾರಣವಲ್ಲ ಎಂದಾಯಿತು.

ಹಾಗಾದರೆ ಚಾನೆಲ್‌ನಲ್ಲೇ ತೊಂದರೆಯಾ? ತೊಂದರೆ ಚಾನೆಲ್‌ನದ್ದಾದರೆ ಸಾಮಾನ್ಯವಾಗಿ ಹೊಸ ವಿಡಿಯೋಗಳು ಮೊದಲು ಸೊರಗುತ್ತವೆ. ಥಂಬ್‌ನೇಲ್ ಎಷ್ಟೇ ಸಲ ತೋರಿಸಿದರೂ ಜನ ಒತ್ತುವುದಿಲ್ಲ, ಅಥವಾ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ನನ್ನಲ್ಲಿ ಹಳೇ ವಿಡಿಯೋ, ಹೊಸ ವಿಡಿಯೋ ಎಲ್ಲವೂ ಒಂದೇ ವಾರದಲ್ಲಿ ಇಳಿದಿದ್ದವು. ಸರಾಸರಿ ನೋಡುವ ಸಮಯ ಹೆಚ್ಚುಕಮ್ಮಿ ಮೊದಲಿನಷ್ಟೇ ಇತ್ತು.

ಗುಟ್ಟು ಬಿಟ್ಟುಕೊಟ್ಟಿದ್ದು `Device type`. ಮೊಬೈಲ್ ಗೆರೆ ನೆಟ್ಟಗಿತ್ತು, ಟಿವಿಯದ್ದೂ ಅಷ್ಟೇ. ಕಂಪ್ಯೂಟರ್ ಗೆರೆ ಮಾತ್ರ ಮೆಟ್ಟಿಲು ಇಳಿದ ಹಾಗೆ ಒಂದೇ ಸಲಕ್ಕೆ ಕೆಳಗೆ ಬಂದಿತ್ತು. ಜನರ ಆಸಕ್ತಿ ಕಡಿಮೆಯಾದರೆ ಗೆರೆ ಹೀಗೆ ಬೀಳುವುದಿಲ್ಲ, ನಿಧಾನಕ್ಕೆ ಜಾರುತ್ತದೆ. ಲೈಕ್‌ಗಳು ಮೊದಲಿನಷ್ಟೇ ಬರುತ್ತಿದ್ದವು, ಜಾಹೀರಾತಿನ ಆದಾಯವೂ ಇಳಿದಿರಲಿಲ್ಲ. ನೋಡುವವರು ನಿಜಕ್ಕೂ ಹೋಗಿದ್ದರೆ ಇವೂ ಇಳಿಯಬೇಕಿತ್ತು, ಅಲ್ವಾ? ಅಂದರೆ ಜನ ನೋಡುತ್ತಲೇ ಇದ್ದರು, ಅದು ಎಣಿಕೆಗೆ ಸಿಗುತ್ತಿರಲಿಲ್ಲ.

ಅದೇ ಸಮಯಕ್ಕೆ ದೊಡ್ಡ ದೊಡ್ಡ ಟೆಕ್ ಚಾನೆಲ್‌ಗಳಲ್ಲೂ ಹೀಗೇ ಆಗಿತ್ತು. ಆಡ್ ಬ್ಲಾಕರ್‌ನಂಥ ಸಾಧನಗಳಿಂದ ವ್ಯೂಸ್ ಎಣಿಕೆ ತಪ್ಪಬಹುದು ಎಂದು ಆಮೇಲೆ ಯೂಟ್ಯೂಬ್ ಹೇಳಿತು. ನನ್ನ ಲೆಕ್ಕಕ್ಕೂ ಅದು ಹೊಂದುತ್ತಿತ್ತು. ಆಡ್ ಬ್ಲಾಕರ್ ಹೆಚ್ಚಾಗಿ ಬಳಸುವುದು ಕಂಪ್ಯೂಟರ್‌ನಲ್ಲೇ. ಜಾಹೀರಾತು ತಡೆದು ನೋಡುವವರಿಂದ ಮೊದಲೂ ಆದಾಯ ಬರುತ್ತಿರಲಿಲ್ಲ. ಅವರು ಲೆಕ್ಕದಿಂದ ಬಿಟ್ಟುಹೋದರೂ ದುಡ್ಡು ಅಷ್ಟೇ ಉಳಿಯುತ್ತದೆ. ಸಾವಿರ ವ್ಯೂಸ್‌ಗೆ ಬರುವ ಆದಾಯ, ಅಂದರೆ ಆರ್‌ಪಿಎಂ, ಏರಿದ ಹಾಗೆ ಕಂಡಿದ್ದೂ ಇದಕ್ಕೇ.

ಎಷ್ಟು ವ್ಯೂಸ್ ಹೀಗೆ ಬಿಟ್ಟುಹೋಗುತ್ತಿವೆ ಎಂದು ಸ್ಟುಡಿಯೋದಲ್ಲಿ ತಿಳಿಯುವುದಿಲ್ಲ. ಆದ್ದರಿಂದ ಆ ಆಗಸ್ಟ್‌ನ ಆಚೆ ಈಚೆಯ ಒಟ್ಟು ವ್ಯೂಸ್ ಹೋಲಿಸುವುದನ್ನು ಬಿಟ್ಟಿದ್ದೇನೆ. ಮೊಬೈಲ್ ಮತ್ತು ಟಿವಿ ಅಂಕಿಗಳನ್ನಷ್ಟೇ ಹೋಲಿಸುತ್ತೇನೆ. ಪ್ರಾಯೋಜಕರಿಗೂ ಅವನ್ನೇ ಬೇರೆಯಾಗಿ ಕಳಿಸುತ್ತೇನೆ.